ಸಂಘದ ಬೆಳೆ ಸಾಲ ಗಡುವಿನೊಳಗೆ ಕಟ್ಟಲು ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಬಹುದಾ?

ಮೆಕ್ಕೆಜೋಳ_ಹಾವೇರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆ, ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ಕಳೆದ ಮುಂಗಾರಿಗೆ ಊರಿನ ಸಹಕಾರ ಸಂಘ ವಿಎಸ್‌ಎಸ್‌ಎನ್‌ನಲ್ಲಿ 1 ಲಕ್ಷ ಬೆಳೆ ಸಾಲ ತೆಗೆದಿದ್ದೆವು. ಶೂನ್ಯ ಬಡ್ಡಿಯದು. ವರ್ಷ ತುಂಬುತ್ತಾ ಬಂತು. ಮುಂದಿನ ತಿಂಗಳೊಳಗೆ ಅಸಲು ಪೂರ್ತಿ ಕಟ್ಟಬೇಕು. ಕಟ್ಟದಿದ್ದರೆ ಸಾಲ ತೆಗೆದ ದಿನದಿಂದಲೇ ಬಡ್ಡಿ ಹಾಕುತ್ತೇವೆ, ದರ ನೂರಕ್ಕೆ 11 ಎಂದು ಸಂಘದಲ್ಲಿ ಹೇಳಿದ್ದಾರೆ.

ಮನೆಯಲ್ಲಿ 70 ಕ್ವಿಂಟಲ್ ಮೆಕ್ಕೆಜೋಳ ಇದೆ. ರೇಟು 1,850ಕ್ಕೆ ಬಿದ್ದಿದೆ. ಇನ್ನು ಮೂರು ತಿಂಗಳಲ್ಲಿ 2,100 ಆದರೂ ಆಗುತ್ತೆ, ಈಗ ಮಾರಬೇಡ ಎನ್ನುತ್ತಾರೆ ಅಪ್ಪ. ಊರಲ್ಲಿ ಬಡ್ಡಿಗೆ ಕೊಡುವವರೊಬ್ಬರಿದ್ದಾರೆ, ನೂರಕ್ಕೆ ಮೂರು ರೂಪಾಯಿ. ಅವರ ಹತ್ತಿರ 1 ಲಕ್ಷ ತಂದು ಸಂಘಕ್ಕೆ ಕಟ್ಟೋಣ, ಹೊಸ ಸಾಲ ಬಂದ ಕೂಡಲೇ ಅವರಿಗೆ ವಾಪಸ್ ಕೊಡೋಣ ಅಂತ ಅಪ್ಪನ ಲೆಕ್ಕ. ಊರಲ್ಲಿ ತುಂಬಾ ಜನ ಹೀಗೇ ಮಾಡುತ್ತಾರೆ. ಇದು ಸರಿ ಹೋಗುತ್ತಾ?

ನೇಗಿಲು

ತಮ್ಮಾ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯಾ. ಬಡ್ಡಿ ಎಷ್ಟಾಗಿದೆಯೋ ಅಷ್ಟು ಕಟ್ಟು, ಸಾಲ ರಿನ್ಯೂವಲ್ ಆಗುತ್ತೆ. ಅಸಲು ಮುಟ್ಟುವುದೇ ಬೇಡ. ನಾನು ಬ್ಯಾಂಕಿನಲ್ಲಿ ಎಷ್ಟೋ ವರ್ಷದಿಂದ ಬರೀ ಬಡ್ಡಿ ಕಟ್ಟಿಕೊಂಡೇ ಬಂದಿದ್ದೇನೆ. ಯಾರೂ ಏನೂ ಕೇಳಿಲ್ಲ.

ಬ್ಯಾಂಕ್_ಮಿತ್ರೆ

ನೇಗಿಲು ಅಣ್ಣ, ನಿಮ್ಮದು ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ, ಅಂದರೆ ಕೆಸಿಸಿ, ಅವರದು ಸಂಘದ ಸಾಲ. ಎರಡೂ ಬೇರೆ. ನಾನು ಬ್ಯಾಂಕಿನ ಕೆಲಸವನ್ನು ಹಳ್ಳಿಯಲ್ಲಿ ನೋಡಿಕೊಳ್ಳುವವಳು, ಅದಕ್ಕೇ ಬ್ಯಾಂಕಿನ ಕಡೆಯದಷ್ಟೇ ಹೇಳುತ್ತೇನೆ.

ಬರೀ ಬಡ್ಡಿ ಕಟ್ಟಿದರೆ ಕೆಲವು ಶಾಖೆಗಳಲ್ಲಿ ಖಾತೆ ಮುಂದುವರಿಸುತ್ತಾರೆ, ಅದು ನಿಜ. ಆದರೆ ನಿಮಗೆ ಬರಬೇಕಾದ ರಿಯಾಯಿತಿ ಬರುವುದಿಲ್ಲ. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬ್ಯಾಂಕು ಹಾಕುವುದು ವರ್ಷಕ್ಕೆ ನೂರಕ್ಕೆ 7. ಅಸಲು, ಬಡ್ಡಿ ಎರಡನ್ನೂ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಕೇಂದ್ರ ಸರ್ಕಾರ 3 ವಾಪಸ್ ಕೊಡುತ್ತೆ. ಆಗ ನಿಮಗೆ ಬೀಳುವುದು 4. ನೀವು ಇಷ್ಟು ವರ್ಷ 7ರ ಲೆಕ್ಕದಲ್ಲೇ ಕಟ್ಟಿರುತ್ತೀರಿ. ಗಡುವು ದಾಟಿದ ದಿನಗಳಿಗೆ ಅದಕ್ಕಿಂತ ಜಾಸ್ತಿಯೂ ಬಿದ್ದಿರಬಹುದು. ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ.

ಇನ್ನೊಂದು ವಿಷಯ. ಈ 3 ಕಟ್ಟಿದ ದಿನವೇ ಬರುವುದಿಲ್ಲ. ಮೊದಲು 7ರ ಲೆಕ್ಕದಲ್ಲಿ ಪೂರ್ತಿ ಬಡ್ಡಿ ಹಿಡಿಯುತ್ತಾರೆ. ರಿಯಾಯಿತಿ ಆಮೇಲೆ ಖಾತೆಗೆ ಜಮೆ ಆಗುತ್ತೆ, ಕೆಲವು ಸಲ ತಿಂಗಳುಗಟ್ಟಲೆ ತಡ. ಎಷ್ಟೋ ಜನ ಬ್ಯಾಂಕಿನವರು ಮೋಸ ಮಾಡಿದರು ಅಂದುಕೊಂಡು ಮರುವರ್ಷ ಕಟ್ಟುವುದನ್ನೇ ಬಿಡುತ್ತಾರೆ. ನನಗೆ ತುಂಬಾ ಬೇಸರವಾಗುವುದು ಇಲ್ಲೇ.

ನೇಗಿಲು

ಅಕ್ಕಾ, 3 ವಾಪಸ್ ಬರುವ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಎಂಟ್ರಿ ಹಾಕಿಸಿ ನೋಡುತ್ತೇನೆ. ಆದರೂ ಅಸಲು ಪೂರ್ತಿ ಒಂದೇ ದಿನ ತಂದು ಕಟ್ಟು ಎಂದರೆ ಎಲ್ಲಿಂದ ತರುವುದು ಹೇಳಿ. ಕೊನೆಗೆ ಹೋಗಬೇಕಾಗುವುದು ಆ ಬಡ್ಡಿಯವರ ಹತ್ತಿರವೇ ಅಲ್ವಾ.

ಹಳೇ_ಸೆಕ್ರೆಟರಿ

ಪ್ರಶ್ನೆ ಕೇಳಿದ ತಮ್ಮನಿಗೆ. ನಾನು ಪ್ರಾಥಮಿಕ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಈ ಕಟ್ಟಿ ಎತ್ತುವ ವ್ಯವಹಾರವನ್ನು ಮೇಜಿನ ಆ ಕಡೆ ಕೂತು ತುಂಬಾ ನೋಡಿದ್ದೇನೆ.

ಅಪ್ಪ ನೂರಕ್ಕೆ ಮೂರು ರೂಪಾಯಿಯನ್ನು 11ರ ಪಕ್ಕ ಇಟ್ಟು ನೋಡುತ್ತಿದ್ದಾರೆ. ಆ ಮೂರು ರೂಪಾಯಿ ತಿಂಗಳಿಗೆ, 11 ವರ್ಷಕ್ಕೆ. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿಯವನದು 36. ಆದರೂ ಅಪ್ಪನದು ದಡ್ಡ ಲೆಕ್ಕ ಅಲ್ಲ. ಯಾಕೆಂದರೆ ಗಡುವು ತಪ್ಪಿದರೆ ಇಡೀ ವರ್ಷದ 11,000 ಒಂದೇ ಏಟಿಗೆ ಬೀಳುತ್ತೆ, ಕೈಸಾಲಕ್ಕೆ ಬಡ್ಡಿ ಇಟ್ಟುಕೊಂಡಷ್ಟು ದಿನಕ್ಕೆ ಮಾತ್ರ. ಒಂದು ತಿಂಗಳಲ್ಲಿ ತೀರಿದರೆ 3,000. 11,000 ಉಳಿಸಲು 3,000 ಖರ್ಚು ಎಂದರೆ ಲಾಭವೇ.

ಹಾಗಾದರೆ ನೋಡಬೇಕಾದ್ದು ಬಡ್ಡಿ ದರಕ್ಕಿಂತ ಹೆಚ್ಚಾಗಿ, ನೀವು ಕಟ್ಟಿದ ದಿನದಿಂದ ಹೊಸ ಸಾಲ ಕೈಗೆ ಬರುವ ದಿನದವರೆಗೆ ಎಷ್ಟು ಸಮಯ ಹಿಡಿಯುತ್ತೆ ಎನ್ನುವುದನ್ನು. ಸಂಘ ತನ್ನ ಪೆಟ್ಟಿಗೆಯಿಂದ ತೆಗೆದು ಕೊಡುವುದಿಲ್ಲ. ಸದಸ್ಯರ ಸಾಲದ ಪಟ್ಟಿ ಮಾಡಿ ಜಿಲ್ಲೆಯ ಸಹಕಾರ ಬ್ಯಾಂಕಾದ ಡಿಸಿಸಿ ಬ್ಯಾಂಕಿಗೆ ಕಳಿಸಬೇಕು. ಅಲ್ಲಿ ಮಂಜೂರಾಗಬೇಕು. ನಿಮ್ಮ ರೈತ ನೋಂದಣಿ ಸಂಖ್ಯೆಯಾದ ಎಫ್‌ಐಡಿ, ಪಹಣಿ, ಆಧಾರ್ ಎಲ್ಲ ಒಂದಕ್ಕೊಂದು ತಾಳೆ ಆಗಬೇಕು. ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇದ್ದರೂ ನಿಮ್ಮದು ಪಕ್ಕಕ್ಕೆ ಹೋಗುತ್ತೆ. ಎಲ್ಲ ಸರಿ ಇದ್ದ ವರ್ಷ ಎರಡು ಮೂರು ವಾರಕ್ಕೇ ಬಂದದ್ದಿದೆ. ಡಿಸಿಸಿ ಬ್ಯಾಂಕಿನಲ್ಲಿ ದುಡ್ಡಿಲ್ಲದ ವರ್ಷ ಮೂರು ತಿಂಗಳು ದಾಟಿದ್ದೂ ಇದೆ.

ಮೂರು ತಿಂಗಳಿಗೆ ಬಡ್ಡಿಯವನಿಗೆ 9,000 ಆಯಿತು. ನಾಲ್ಕಕ್ಕೆ 12,000. ಮೂರೂವರೆ ತಿಂಗಳು ದಾಟಿದರೆ ಗಡುವು ತಪ್ಪಿಸಿದ್ದೇ ಅಗ್ಗವಾಗಿತ್ತು ಅನ್ನುವಂತೆ ಆಗುತ್ತೆ. ಹಾಗಂತ ಗಡುವು ತಪ್ಪಿಸಿ ಎಂದು ನಾನು ಹೇಳುತ್ತಿಲ್ಲ. ಸುಸ್ತಿದಾರ ಎಂದಾದರೆ ಮುಂದಿನ ಹಂಗಾಮಿಗೆ ಸಾಲವೇ ಇಲ್ಲ, ಬೀಜ ಗೊಬ್ಬರಕ್ಕೆ ಮತ್ತೆ ಅದೇ ಬಡ್ಡಿಯವನ ಮನೆ.

ಮೆಕ್ಕೆಜೋಳ_ಹಾವೇರಿ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಒಂದು ಅನುಮಾನ. ಹೊಸ ಸಾಲ ಎಷ್ಟು ದಿನಕ್ಕೆ ಬರುತ್ತೆ ಎಂದು ಸಂಘದಲ್ಲಿ ಕೇಳಿದರೆ "ಬರುತ್ತೆ ಹೋಗಪ್ಪಾ" ಎನ್ನುತ್ತಾರೆ. ಖಚಿತವಾಗಿ ತಿಳಿಯುವುದು ಹೇಗೆ?

ಹಳೇ_ಸೆಕ್ರೆಟರಿ

ದಿನಾಂಕ ಕೇಳಬೇಡಿ, ಅವರ ಕೈಯಲ್ಲೂ ಇರುವುದಿಲ್ಲ. ಇತ್ತೀಚೆಗೆ ಕಟ್ಟಿದವರು ಯಾರು, ಅವರಲ್ಲಿ ಯಾರಿಗೆ ಹೊಸ ಸಾಲ ಜಮೆ ಆಗಿದೆ ಎಂದು ಊರಲ್ಲೇ ವಿಚಾರಿಸಿ. ಎರಡು ತಿಂಗಳ ಹಿಂದೆ ಕಟ್ಟಿದವರಿಗೂ ಇನ್ನೂ ಬಂದಿಲ್ಲ ಎಂದರೆ ನಿಮಗೂ ಬೇಗ ಬರುವುದಿಲ್ಲ. ಬ್ಯಾಂಕಿನ ಆ ಭಾಗದ ಮೇಲ್ವಿಚಾರಕರು ಸಂಘಕ್ಕೆ ಬಂದ ದಿನ ಹೋಗಿ, ನಮ್ಮ ಸಂಘದ ಪಟ್ಟಿ ಮಂಜೂರಾಗಿದೆಯಾ ಎಂದು ಕೇಳಿ. ಅದಕ್ಕೆ ಹೌದು, ಇಲ್ಲ ಎಂಬ ಉತ್ತರ ಸಿಗುತ್ತೆ.

ಹೊಸ ಸಾಲ ಎಷ್ಟು ಬರುತ್ತೆ ಎಂದೂ ಕೇಳಿ. ಶೂನ್ಯ ಬಡ್ಡಿಯ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಮಿತಿ ಏರಿದರೆ ದುಡ್ಡು ಏರಿದಂತಲ್ಲ. ನಬಾರ್ಡ್ ನಮ್ಮ ರಾಜ್ಯಕ್ಕೆ ಕಡಿಮೆ ಬಡ್ಡಿಗೆ ಕೊಡುತ್ತಿದ್ದ ಅಲ್ಪಾವಧಿ ಸಾಲ 2023-24ರಲ್ಲಿ 5,600 ಕೋಟಿ ಇತ್ತು, ಮರುವರ್ಷ 2,340 ಕೋಟಿಗೆ ಇಳಿಯಿತು. ಆಗ ಸಂಘಗಳು ಏನು ಮಾಡುತ್ತವೆ? ಇರುವುದನ್ನೇ ಹಂಚುತ್ತವೆ. 1 ಲಕ್ಷ ಕಟ್ಟಿದವನಿಗೆ 80,000 ಕೊಟ್ಟರು ಎಂದುಕೊಳ್ಳಿ. ಬಡ್ಡಿಯವನ ಹತ್ತಿರ ಉಳಿದ 20,000 ಮುಂದಿನ ಪೀಕು ಬರುವವರೆಗೆ ಹಾಗೇ ನಿಲ್ಲುತ್ತೆ. ಎಂಟು ತಿಂಗಳಿಗೆ 4,800 ಬಡ್ಡಿ. ಅದರ ಮೇಲೆ ಬಿತ್ತನೆಗೆ ಕೈಯಲ್ಲಿ ಒಂದು ರೂಪಾಯಿಯೂ ಇರುವುದಿಲ್ಲ, ಯಾಕೆಂದರೆ ಬಂದ 80,000 ಪೂರ್ತಿ ಅವನಿಗೇ ಹೋಯಿತು. ಜನ ಇದನ್ನು ಮರೆಯುತ್ತಾರೆ.

ಶೇಂಗಾ_ಶಿರಾ

ಎಲ್ಲರೂ ಬಡ್ಡಿ ಕೊಡುವವರನ್ನೇ ಬೈಯುತ್ತೀರಿ. ನಮ್ಮಪ್ಪನಿಗೆ ರಾತ್ರಿ ಎದೆನೋವು ಬಂದಾಗ 40,000 ಕೈಗೆ ಇಟ್ಟು ಕಳಿಸಿದ್ದು ಅಂಥವರೇ. ಒಂದು ಸಹಿ ಕೂಡ ಕೇಳಲಿಲ್ಲ. ಯಾವ ಬ್ಯಾಂಕು ಅಷ್ಟು ಹೊತ್ತಲ್ಲಿ ಬಾಗಿಲು ತೆಗೆಯುತ್ತೆ ಹೇಳಿ. ಬ್ಯಾಂಕಿಗೆ ಓಡಾಡಿದ ಕೂಲಿ, ಬಸ್ ಚಾರ್ಜು, ಪಹಣಿ, ಜೆರಾಕ್ಸ್ ಎಲ್ಲ ಸೇರಿಸಿದರೆ ನಿಮ್ಮ 4 ಪರ್ಸೆಂಟು 4 ಆಗಿಯೇ ಉಳಿಯಲ್ಲ.

ಬ್ಯಾಂಕ್_ಮಿತ್ರೆ

ಅಣ್ಣ, ಆಸ್ಪತ್ರೆಯ ರಾತ್ರಿ ನಿಮಗೆ ಆದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಇಲ್ಲಿ ಕೇಳಿರುವುದು ಬೆಳೆ ಸಾಲದ ಮಾತು. ಓಡಾಟದ ಖರ್ಚನ್ನೂ ಸೇರಿಸಿಯೇ ನೋಡೋಣ. ಜೂನ್‌ನಲ್ಲಿ 1 ಲಕ್ಷ ತೆಗೆದು ಜನವರಿಯಲ್ಲಿ ಕಟ್ಟಿದರೆ ಏಳು ತಿಂಗಳು. ಬ್ಯಾಂಕಿನಲ್ಲಿ 7ರ ಲೆಕ್ಕದಲ್ಲಿ ಸುಮಾರು 4,080 ಹಿಡಿಯುತ್ತಾರೆ, ಅದರಲ್ಲಿ 1,750 ವಾಪಸ್ ಬರುತ್ತೆ. ಉಳಿದದ್ದು 2,330. ಓಡಾಟ, ಕಾಗದ, ಹೋದ ಕೂಲಿ ಎಂದು 3,000 ಸೇರಿಸಿ. 5,330 ಆಯಿತು. ಅದೇ ಏಳು ತಿಂಗಳಿಗೆ ಮೂರು ರೂಪಾಯಿ ಬಡ್ಡಿ 21,000.

ಅದರ ಜೊತೆಗೆ ಎರಡು ತಿಂಗಳ ಬಡ್ಡಿ ಮೊದಲೇ ಮುರಿದುಕೊಂಡು ಕೊಡುವವರಿದ್ದಾರೆ. ಕೈಗೆ ಬರುವುದು 94,000, ಬಡ್ಡಿ ಓಡುವುದು 1 ಲಕ್ಷಕ್ಕೆ.

ಲಾವಣಿ_ಹೊಲ

ಓದುತ್ತಾ ಇದ್ದೆ, ನಮ್ಮದನ್ನೂ ಹೇಳೋಣ ಅನಿಸಿತು. ನಮಗೆ ಸ್ವಂತ ಹೊಲ ಇಲ್ಲ. ಆರು ಎಕರೆ ಲಾವಣಿಗೆ ಮಾಡುತ್ತೇವೆ. ಪಹಣಿ ಇರುವುದು ಊರು ಬಿಟ್ಟು ಹೋದ ಮಾಲೀಕರ ಹೆಸರಲ್ಲಿ. ಅವರ ಹೆಸರಲ್ಲಿ ಬೆಳೆ ಸಾಲವೂ ಇದೆ, ಬಡ್ಡಿಯಿಲ್ಲದ್ದು. ಬೆಳೆ ಬೆಳೆಯುವವರು ನಾವು, ಆ ಸಾಲ ಹೋಗುವುದು ಅವರಿಗೆ. ಕಾಗದದ ಮೇಲೆ ಲಾವಣಿ ಬರೆದುಕೊಡಿ ಎಂದರೆ ಯಾರೂ ಒಪ್ಪಲ್ಲ, ಹೊಲ ಹೋಗುತ್ತೆ ಎಂಬ ಭಯ.

ನಮಗೆ ಗೊಬ್ಬರದ ಅಂಗಡಿಯವರೇ ಗತಿ. ಬೀಜ, ಗೊಬ್ಬರ, ಎಣ್ಣೆ ಎಲ್ಲ ಉದ್ರಿ ಕೊಡುತ್ತಾರೆ. ಬಡ್ಡಿ ಇಲ್ಲ ಎನ್ನುತ್ತಾರೆ. ಆದರೆ ಮಾಲು ಅವರಿಗೇ ಹಾಕಬೇಕು. ಇದು ಸಾಲವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಳೇ_ಸೆಕ್ರೆಟರಿ

ಅದು ಸಾಲವೇ ತಾಯಿ. ಬಡ್ಡಿಯನ್ನು ರೇಟಿನಲ್ಲಿ ತೆಗೆದುಕೊಳ್ಳುತ್ತಾರೆ ಅಷ್ಟೇ. ಹೀಗೆ ನೋಡಿ. ಗೊಬ್ಬರದ ಚೀಲಕ್ಕೆ ನಗದು ಕೊಟ್ಟವರಿಗಿಂತ ನಿಮಗೆ ಎಷ್ಟು ಜಾಸ್ತಿ ಬರೆದಿದ್ದಾರೆ ಎಂದು ಬರೆದಿಟ್ಟುಕೊಳ್ಳಿ. ಮಾಲು ಹಾಕಿದ ದಿನ ಎಪಿಎಂಸಿಯಲ್ಲಿ ಅದೇ ತರದ ಮಾಲಿಗೆ ಏನು ರೇಟು ಇತ್ತು, ನಿಮಗೆ ಏನು ಕೊಟ್ಟರು ನೋಡಿ. ತೂಕದಲ್ಲಿ ಹಸಿ ಇದೆ, ಕಸ ಇದೆ ಎಂದು ಎಷ್ಟು ಕಡಿದರು ನೋಡಿ. ಆರು ಎಕರೆಗೆ 120 ಕ್ವಿಂಟಲ್ ಬಂದು, ಕ್ವಿಂಟಲ್‌ಗೆ 100 ರೂಪಾಯಿ ಕಡಿಮೆ ಕೊಟ್ಟರೂ 12,000 ಹೋಯಿತು. 60,000ದ ಉದ್ರಿಗೆ ಆರು ತಿಂಗಳಲ್ಲಿ 12,000 ಎಂದರೆ ಮೂರು ರೂಪಾಯಿ ಬಡ್ಡಿಯನ್ನೂ ಮೀರಿತು.

ಕಾಯುವೆ_ನಾನು

ನನ್ನ ಸಲಹೆ ಕೇಳಿದರೆ ಯಾರೂ ಕಟ್ಟಬೇಡಿ. 2017ರಲ್ಲಿ ಸಂಘದ ಸಾಲ 50,000ದವರೆಗೆ ಮನ್ನಾ ಆಯಿತು, 2018ರಲ್ಲಿ ಮತ್ತೆ ಮನ್ನಾ ಘೋಷಣೆ ಆಯಿತು. ನಿಯತ್ತಾಗಿ ಕಟ್ಟಿದವರಿಗೆ ಏನು ಸಿಕ್ಕಿತು?

ಹಳೇ_ಸೆಕ್ರೆಟರಿ

ನಿಮ್ಮ ಕೋಪ ಸರಿ. ಕಟ್ಟಿದವರಿಗೆ ಅನ್ಯಾಯ ಆಗಿದೆ. ಆದರೆ ಮನ್ನಾಕ್ಕೆ ಯಾವಾಗಲೂ ಒಂದು ಹಿಂದಿನ ದಿನಾಂಕ ಇರುತ್ತೆ, ಒಂದು ಮಿತಿ ಇರುತ್ತೆ, ಒಂದು ಮನೆಗೆ ಇಷ್ಟು ಎಂಬ ನಿಯಮ ಇರುತ್ತೆ. ಅದು ಯಾವ ವರ್ಷ ಬರುತ್ತೆ ಎಂದು ನೀವು ಊಹಿಸಬೇಕು. ಕಾಯುವಷ್ಟು ವರ್ಷ ಹೊಸ ಸಾಲ ಇಲ್ಲ, ಬೀಜಕ್ಕೆ ದುಡ್ಡು ಬಡ್ಡಿಯವನದೇ. ವರ್ಷಕ್ಕೆ 1 ಲಕ್ಷ ಅವನಿಂದ ತಂದರೆ ಏಳು ತಿಂಗಳಿಗೆ 21,000. ಮೂರು ವರ್ಷ ಕಾಯ್ದರೆ 63,000 ಬಡ್ಡಿಯಾಗಿ ಹೋಗಿರುತ್ತೆ. ಅದನ್ನು ಯಾವ ಸರ್ಕಾರವೂ ಮನ್ನಾ ಮಾಡಲ್ಲ.

ಕಾಯುವೆ_ನಾನು

ನಾನು ಒಪ್ಪುವುದಿಲ್ಲ. ನಮ್ಮ ಊರಲ್ಲಿ ಕಾಯ್ದವರೇ ಗೆದ್ದಿದ್ದಾರೆ.

ಟ್ರ್ಯಾಕ್ಟರ್_ಮಂಜ

ನನಗೂ ಸ್ವಲ್ಪ ಹೇಳಿ. ಟ್ರ್ಯಾಕ್ಟರ್ ಸಾಲ ಇದೆ, ಖಾಸಗಿ ಫೈನಾನ್ಸ್‌ನಲ್ಲಿ. ಕರೆಕ್ಟಾಗಿ ಕಂತು ಕಟ್ಟುತ್ತಿದ್ದೇನೆ. ನನಗೂ ಆ 3 ಪರ್ಸೆಂಟ್ ವಾಪಸ್ ಬರುತ್ತಾ?

ಬ್ಯಾಂಕ್_ಮಿತ್ರೆ

ಇಲ್ಲ ಮಂಜಣ್ಣ. ಆ ರಿಯಾಯಿತಿ ಕೆಸಿಸಿಯ ಅಲ್ಪಾವಧಿ ಸಾಲಕ್ಕೆ ಮಾತ್ರ. ಸಹಕಾರ ಸಂಸ್ಥೆಗಳಲ್ಲಿ ಮಧ್ಯಮಾವಧಿ, ದೀರ್ಘಾವಧಿ ಸಾಲಕ್ಕೆ ರಾಜ್ಯದ 3 ಪರ್ಸೆಂಟ್ ಬಡ್ಡಿಯ ಯೋಜನೆ ಬೇರೆ ಇದೆ. ಖಾಸಗಿ ಫೈನಾನ್ಸ್‌ಗೆ ಯಾವುದೂ ಇಲ್ಲ.

ನೇಗಿಲು ಅಣ್ಣ ಮೇಲೆ ಕೇಳಿದ್ದಕ್ಕೆ ಈಗ ಉತ್ತರ ಹೇಳುತ್ತೇನೆ. ಬ್ಯಾಂಕಿನ ಕೆಸಿಸಿಗೆ ಐದು ವರ್ಷದ ಲಿಮಿಟ್ ಇರುತ್ತೆ. ಲಿಮಿಟ್ ಚಾಲ್ತಿಯಲ್ಲಿದ್ದರೆ ಇವತ್ತು ಕಟ್ಟಿದ್ದನ್ನು ನಾಳೆ ಎತ್ತಬಹುದು. ಅಂಥ ವರ್ಷ ಒಂದೆರಡು ದಿನಕ್ಕೆ ಕೈಸಾಲ ತಂದರೆ ನಷ್ಟ ಕಡಿಮೆ. ಆದರೆ ಈ ಒಂದೆರಡು ದಿನಕ್ಕೂ ಲಕ್ಷಕ್ಕೆ 2,000 ಕೇಳುವವರಿದ್ದಾರೆ. ಬರುವ ರಿಯಾಯಿತಿ 3,000, ನಿಮಗೆ ಉಳಿಯುವುದು 1,000. ಉಳಿದ ಲಾಭ ಎಂದರೆ ಖಾತೆ ಚೊಕ್ಕವಾಗಿರುವುದು.

ಪೆಟ್ಟು ಬೀಳುವುದು ಐದನೇ ವರ್ಷ. ಆಗ ಲಿಮಿಟ್ ಮುಗಿದಿರುತ್ತೆ. ಕಟ್ಟಿದ ಮೇಲೆ ಹೊಸ ಪಹಣಿ ತನ್ನಿ, ಬೇರೆ ಬ್ಯಾಂಕಿನ ಬೇಬಾಕಿ ಪತ್ರ ತನ್ನಿ, 2 ಲಕ್ಷ ದಾಟಿದರೆ ಅಡಮಾನದ ಕಾಗದ ತನ್ನಿ ಎನ್ನುತ್ತಾರೆ. ಮ್ಯಾನೇಜರ್ ವರ್ಗ ಆಗಿದ್ದರೆ ಇನ್ನೂ ತಡ. ನಾಳೆ ವಾಪಸ್ ಕೊಡುತ್ತೇನೆ ಎಂದು ತಂದ ದುಡ್ಡು ಎರಡು ತಿಂಗಳು ನಿಲ್ಲುತ್ತೆ. ಅದಕ್ಕೇ ಕಟ್ಟುವ ಮೊದಲೇ ಲಿಮಿಟ್ ಯಾವ ತಾರೀಖಿಗೆ ಮುಗಿಯುತ್ತೆ ಎಂದು ಕೇಳಿ, ಮುಗಿಯುವುದಿದ್ದರೆ ಕಾಗದವೆಲ್ಲ ಮೊದಲೇ ಕೊಟ್ಟಿರಿ.

ಮೆಕ್ಕೆಜೋಳ_ಹಾವೇರಿ

ಊರಲ್ಲಿ ವಿಚಾರಿಸಿದೆ. ಹೋದ ತಿಂಗಳ ಮೊದಲ ವಾರ ಕಟ್ಟಿದವರಿಗೆ ಇನ್ನೂ ಹೊಸ ಸಾಲ ಬಂದಿಲ್ಲ. ಪಟ್ಟಿ ಮಂಜೂರಾಗಿಲ್ಲವಂತೆ. ಬಡ್ಡಿಯವರು ಖಾಲಿ ಚೆಕ್ಕು ಎರಡು ಕೇಳಿದ್ದಾರೆ, ಜೊತೆಗೆ ಛಾಪಾ ಕಾಗದದ ಮೇಲೆ ಹೊಲದ ಖರೀದಿ ಕರಾರು ಬರೆದುಕೊಡಿ, ದುಡ್ಡು ಕೊಟ್ಟ ದಿನ ಹರಿದು ಹಾಕುತ್ತೇನೆ ಎಂದಿದ್ದಾರೆ. ಅಪ್ಪನಿಗೆ ಅದೇನೂ ದೊಡ್ಡ ವಿಷಯ ಅನಿಸಿಲ್ಲ.

ಹಳೇ_ಸೆಕ್ರೆಟರಿ

ತಮ್ಮಾ, ಅಪ್ಪನಿಗೆ ಇದನ್ನು ಓದಿ ಹೇಳು. ಖರೀದಿ ಕರಾರಿಗೆ ಸಹಿ ಬೇಡ. ಸಂಘದ ಸಾಲ ಪಹಣಿಯ 11ನೇ ಕಾಲಂನಲ್ಲಿ ಋಣ ಎಂದೇ ಇರುತ್ತೆ. ತೀರಿಸಿದರೆ ತೆಗೆಸಬಹುದು. ಕರಾರಿನಲ್ಲಿ ಸಾಲ ಎಂಬ ಪದವೇ ಇರುವುದಿಲ್ಲ, ಹೊಲ ಮಾರಲು ಒಪ್ಪಿ ಮುಂಗಡ ಪಡೆದಿದ್ದೇನೆ ಎಂದಿರುತ್ತೆ. ಜಗಳ ಬಂದರೆ ಅದು ಸಾಲ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ. ಖಾಲಿ ಚೆಕ್ಕೂ ಅಷ್ಟೇ, ಅವನು ಬರೆದದ್ದೇ ಮೊತ್ತ.

ಇನ್ನು ಮೆಕ್ಕೆಜೋಳದ ಲೆಕ್ಕ. 54 ಕ್ವಿಂಟಲ್ ಈಗ ಮಾರಿದರೆ 99,900 ಬರುತ್ತೆ. ಸಾಲ ತೀರಿತು, 16 ಕ್ವಿಂಟಲ್ ಉಳಿಯಿತು. ಮಾರದೆ ಮೂರು ತಿಂಗಳು ಕಾಯ್ದರೆ ಬಡ್ಡಿ 9,000. ಅದನ್ನು 54ಕ್ಕೆ ಹಂಚಿ ನೋಡಿ. ಕ್ವಿಂಟಲ್‌ಗೆ 167 ರೂಪಾಯಿ ಏರಿದರೆ ಬರೀ ಬಡ್ಡಿಗೆ ಸರಿಹೋಯಿತು. ಅಪ್ಪ ಹೇಳಿದಂತೆ 2,100 ಆದರೆ 13,500 ಜಾಸ್ತಿ ಬರುತ್ತೆ, ಬಡ್ಡಿ ಕಳೆದು 4,500 ಉಳಿಯುತ್ತೆ. ಒಣಗಿ ತೂಕ ಇಳಿದದ್ದು, ಹುಳ ತಿಂದದ್ದು ಬೇರೆ. ರೇಟು ಏರದಿದ್ದರೆ 9,000 ಪೂರ್ತಿ ನಷ್ಟ.

ಮಾಲು ಇಟ್ಟುಕೊಳ್ಳಲೇಬೇಕು ಎಂದಿದ್ದರೆ ನೋಂದಾಯಿತ ಉಗ್ರಾಣದಲ್ಲಿಟ್ಟು ರಸೀದಿ ಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಬಹುದು. ಕೆಸಿಸಿ ಇರುವ ಸಣ್ಣ ರೈತರಿಗೆ ಆರು ತಿಂಗಳವರೆಗೆ ಅದಕ್ಕೂ ಬಡ್ಡಿ ರಿಯಾಯಿತಿ ಇದೆ. ಇಲ್ಲವೇ ಮನೆಯ ಬಂಗಾರ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 10ರ ಲೆಕ್ಕದಲ್ಲಿ ಮೂರು ತಿಂಗಳಿಗೆ 2,500 ಆಗುತ್ತೆ. 9,000 ಎಲ್ಲಿ, 2,500 ಎಲ್ಲಿ.

ವಕೀಲ_ರಾಣೇಬೆನ್ನೂರು

ಒಂದು ಮಾತು ಸೇರಿಸುತ್ತೇನೆ. ಕರ್ನಾಟಕದಲ್ಲಿ ಲೇವಾದೇವಿ ಲೈಸೆನ್ಸ್ ಇದ್ದವರಿಗೂ ಅಡಮಾನ ಇದ್ದರೆ ವರ್ಷಕ್ಕೆ ನೂರಕ್ಕೆ 14, ಇಲ್ಲದಿದ್ದರೆ 16ರ ಮಿತಿ ಇದೆ. ತಿಂಗಳಿಗೆ ಮೂರು ರೂಪಾಯಿ ಎನ್ನುವುದೇ ಕಾನೂನಿಗೆ ವಿರುದ್ಧ. ಸಾಲ ವಸೂಲಿಗೆ ಕಿರುಕುಳ ಕೊಡುವವರ ಮೇಲೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು, 10 ವರ್ಷದವರೆಗೆ ಶಿಕ್ಷೆ ಇದೆ.

ಲಾವಣಿ_ಹೊಲ

ವಕೀಲರೇ, ಕಾನೂನು ಇದ್ದರೂ ದೂರು ಕೊಡುವವರು ಯಾರು? ಮುಂದಿನ ಜೂನ್‌ಗೆ ಮತ್ತೆ ಅವರ ಮನೆ ಬಾಗಿಲಿಗೇ ಹೋಗಬೇಕಲ್ಲ.

ಮೆಕ್ಕೆಜೋಳ_ಹಾವೇರಿ

ಅಪ್ಪನಿಗೆ ಓದಿ ಹೇಳಿದೆ. ಕರಾರಿಗೆ ಸಹಿ ಹಾಕಲ್ಲ ಎಂದು ಒಪ್ಪಿದರು. ಈಗ 30 ಕ್ವಿಂಟಲ್ ಮಾರುವುದು, ಉಳಿದ 44,500ಕ್ಕೆ ಅವ್ವನ ಬಳೆ ಬ್ಯಾಂಕಿನಲ್ಲಿಡುವುದು ಎಂದು ಮಾತಾಗಿದೆ. ಬಂಗಾರದ ವಿಷಯಕ್ಕೆ ಅವ್ವ ಇನ್ನೂ ಹೂಂ ಎಂದಿಲ್ಲ. ಪೂರ್ತಿ 54 ಮಾರಿಬಿಡಿ ಎನ್ನುತ್ತಿದ್ದಾಳೆ.

ನೇಗಿಲು

ಅವ್ವ ಹೇಳಿದ್ದೇ ಸರಿ ಅನಿಸುತ್ತೆ ನನಗೆ.

ಅಕ್ಕಾ, ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ರಿಯಾಯಿತಿ ಒಂದು ವರ್ಷವೂ ಬಂದಿಲ್ಲ. ಹಳೇ ವರ್ಷಗಳದ್ದು ಈಗ ಕೇಳಿದರೆ ಕೊಡುತ್ತಾರಾ?

ಬ್ಯಾಂಕ್_ಮಿತ್ರೆ

ಅಸಲು ಗಡುವಿನೊಳಗೆ ಜಮೆ ಆಗದ ವರ್ಷಗಳದ್ದು ಬರುವುದಿಲ್ಲ ಅಣ್ಣ. ಈ ವರ್ಷದ ಗಡುವು ಯಾವಾಗ ಎಂದು ಬರೆಸಿಕೊಂಡು ಬನ್ನಿ.

ಲಾವಣಿ_ಹೊಲ

ಪಹಣಿ ಇಲ್ಲದವರು ಐದಾರು ಜನ ಸೇರಿ ಗುಂಪು ಮಾಡಿಕೊಂಡರೆ ಬೆಳೆ ಸಾಲ ಕೊಡುತ್ತಾರೆ ಎಂದು ಕೇಳಿದ್ದೇನೆ. ಇಲ್ಲಿ ಯಾರಿಗಾದರೂ ಸಿಕ್ಕಿದೆಯಾ?

ಹಳೇ_ಸೆಕ್ರೆಟರಿ

ಜಂಟಿ ಬಾಧ್ಯತಾ ಗುಂಪು ಎಂದು ಯೋಜನೆ ಇದೆ ತಾಯಿ, ಬ್ಯಾಂಕುಗಳು ಕೊಡಬಹುದು. ನಾನಿದ್ದ ಕಡೆ ಹಾಗೆ ತೆಗೆದವರನ್ನು ನೋಡಿಲ್ಲ. ನಿಮ್ಮ ತಾಲ್ಲೂಕು ಹೇಳಿ, ಪರಿಚಯದವರ ಹತ್ತಿರ ಕೇಳಿ ನೋಡುತ್ತೇನೆ.